ದಾಸರ ಪದ ಎಲ್ಲರದು, ಧ್ವನಿಮುದ್ರಣ ಅಲ್ಲ

ಪುರಂದರದಾಸರ ಪದಕ್ಕೆ ಅನುಮತಿಯೇಕೆ ಎಂದು ನಮ್ಮವರೇ ಕೇಳುತ್ತಾರೆ. ಪದಕ್ಕೆ ಬೇಡ, ಧ್ವನಿಮುದ್ರಣಕ್ಕೆ ಬೇಕು. 1985ರಲ್ಲಿ ಹೊರಬಂದ ಕ್ಯಾಸೆಟ್ಟಿನ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಮರುವರ್ಷದಿಂದ 60 ವರ್ಷ, ಅಂದರೆ 2045ರ ಕೊನೆಯವರೆಗೆ ಇರುತ್ತದೆ. ವಿಡಿಯೊದ ಕೆಳಗೆ ‘ಕೃಪೆ’ ಎಂದು ಬರೆದರೆ ಅದು ಅನುಮತಿಯಾಗದು.

ಕ್ಯಾಸೆಟ್ ಕಂಪನಿಗೆ ನಾವು ಕಳಿಸಿದ ಮೊದಲ ಇಮೇಲ್‌ನಲ್ಲಿ ಭಕ್ತಿಯಿತ್ತು, ವಿವರವಿರಲಿಲ್ಲ, ಉತ್ತರ ಬರಲಿಲ್ಲ. ಎರಡನೆಯದರಲ್ಲಿ ಹಾಡು, ಗಾಯಕರು, ಆಲ್ಬಮ್, ಬಳಸುವ 40 ಸೆಕೆಂಡು, ಚಾನೆಲ್‌ನ ಕೊಂಡಿ, ಜಾಹೀರಾತಿನ ಆದಾಯವಿಲ್ಲವೆಂಬ ಮಾತು ಇಷ್ಟನ್ನೂ ಬರೆದು, ದೃಶ್ಯದೊಡನೆ ಜೋಡಿಸಲು ಲಿಖಿತ ಒಪ್ಪಿಗೆಯನ್ನೂ ಶುಲ್ಕದ ಮೊತ್ತವನ್ನೂ ಕೇಳಿದೆವು. ಉತ್ತರ ಬಂತು.

ಭಕ್ತಿ ರಿಯಾಯಿತಿ ಚೀಟಿಯಲ್ಲ. ಒಪ್ಪಿಗೆ ಸಿಗದಿದ್ದರೆ ಹಳೆಯ ಸಾಂಪ್ರದಾಯಿಕ ಧಾಟಿಯಲ್ಲಿ ನಾವೇ ಹಾಡಿ ಮುದ್ರಿಸಿಕೊಳ್ಳೋಣ, ಅದನ್ನು ತಡೆಯುವವರಿಲ್ಲ.