ಹಗಲು ನಿದ್ದೆಗೆ ಕತ್ತರಿ ಹಾಕಬೇಡಿ

"ಹಗಲು ಮಲಗಿಸಬ್ಯಾಡ್ರಿ, ರಾತ್ರಿ ಗಪ್ಪನ ಮಲಗತೈತಿ!" ಹಾನಗಲ್ಲಿನ ನಮ್ಮ ಓಣಿಯಿಂದ ಹಿರೇಕೆರೂರಿನ ಬೀಗರ ಮನೆವರೆಗೂ ಇದೇ ಉಪದೇಶ. ನಾನಂತೂ ಒಪ್ಪಲ್ಲ. ಅತಿಯಾಗಿ ದಣಿದ ಕೂಸು ಕೆರಳುತ್ತೆ, ರಾತ್ರಿ ಪದೇಪದೇ ಏಳುತ್ತೆ. ಎರಡನೇ ವರ್ಷದಲ್ಲಿ ಹಗಲಿನದೂ ಸೇರಿ 11ರಿಂದ 14 ತಾಸು ನಿದ್ದೆ ಬೇಕು.

ಎರಡು ದಿನ ಹಟ ಮಾಡಿದರೆ ಹಲ್ಲೋ ಜ್ವರವೋ ಇರಬಹುದು. ನನ್ನ 15 ತಿಂಗಳ ಮಗಳು ಎರಡು ವಾರ ಸತತ ಸಂಜೆಯ ನಿದ್ದೆ ಬಿಟ್ಟಳು. ಆಮೇಲೇ ನಾನು ಬದಲಾವಣೆಗೆ ಕೈ ಹಾಕಿದ್ದು. ಬೆಳಗಿನ 9.30ರ ಜೋಲಿಯನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಮುಂದಕ್ಕೆ ಹಾಕಿದೆ. 12.30 ಮುಟ್ಟಲು ಐದು ವಾರ ಹಿಡೀತು. ಮಧ್ಯಾಹ್ನದ ನಿದ್ದೆ ಅರ್ಧ ತಾಸಿಗೇ ಮುರಿದ ದಿನ ರಾತ್ರಿ ಏಳಕ್ಕೇ ಮಲಗಿಸಿದೆ. ಸವಣೂರಿನ ಬಸ್ಸಲ್ಲಿ ಬೆಳಿಗ್ಗೆಯೇ ತೂಕಡಿಸಿದ ದಿನ ಎರಡು ನಿದ್ದೆಗೂ ಸೈ ಅಂದೆ.

ನಮ್ಮ ಸಂಜೆಯ ಮೀಟಿಂಗ್ ಸಲುವಾಗಿ ಕೂಸಿನ ನಿದ್ದೆ ಕದಿಯೋದು ಯಾವ ಶಿಸ್ತು?