ಎಡಿಸನ್ ಬ್ಯಾಟರಿಗೆ ಮತ್ತೆ ಕಾಲ ಬಂದೀತೇ?

ಥಾಮಸ್ ಎಡಿಸನ್ ಎಂದೊಡನೆ ವಿದ್ಯುದ್ದೀಪ, ಫೋನೋಗ್ರಾಫ್ ನೆನಪಾಗುತ್ತವೆ. ಆದರೆ ಆತ ವರ್ಷಗಟ್ಟಲೆ ಬೆವರು ಸುರಿಸಿದ್ದು ವಿದ್ಯುತ್ ಕಾರಿಗಾಗಿ ತಯಾರಿಸಿದ ಕಬ್ಬಿಣ-ನಿಕ್ಕಲ್ ಬ್ಯಾಟರಿಗೆ. ಮೊದಲ ಮಾದರಿ ಸೋರತೊಡಗಿತು. ಸುಧಾರಿಸಿದ ಮಾದರಿ ಬರುವ ಹೊತ್ತಿಗೆ 1909 ಆಗಿತ್ತು. ಆ ವೇಳೆಗೆ ಅಗ್ಗದ ಪೆಟ್ರೋಲ್ ಕಾರುಗಳು ಬೀದಿಗಿಳಿದಿದ್ದವು. ಬ್ಯಾಟರಿ ರೈಲು, ಗಣಿಗಳಲ್ಲಿ ದುಡಿದು, 1970ರ ದಶಕದಲ್ಲಿ ಅಮೆರಿಕದಲ್ಲಿ ಅದರ ತಯಾರಿಕೆ ನಿಂತಿತು. ಈಗ ಸೌರವಿದ್ಯುತ್ತಿನ ಕಾಲ. ಅದನ್ನು ಮತ್ತೆ ಕರೆಯಬಹುದೇ?

ಇದರ ಗುಣವನ್ನು ಮೊದಲು ನೋಡೋಣ. ಒಂದು ಫಲಕ ಕಬ್ಬಿಣ, ಇನ್ನೊಂದು ನಿಕ್ಕಲ್ ಆಕ್ಸೈಡ್. ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ವಿದ್ಯುತ್ ಕೊಡುವಾಗ ಉಂಟಾಗುವ ಕಬ್ಬಿಣದ ಹೈಡ್ರಾಕ್ಸೈಡ್ ಈ ದ್ರಾವಣದಲ್ಲಿ ಕರಗುವುದು ತೀರಾ ಕಡಿಮೆ. ಆದ್ದರಿಂದ ಫಲಕ ಸವೆಯದೆ ದಶಕಗಟ್ಟಲೆ ಬಾಳುತ್ತದೆ. ಸೀಸದ ಬ್ಯಾಟರಿಯನ್ನು ಬರಿದಾಗಿ ಬಿಟ್ಟರೆ ಕೆಡುತ್ತದೆ; ಇದು ಕೆಡುವುದಿಲ್ಲ.

ದೋಷವೂ ಕಬ್ಬಿಣದಲ್ಲೇ ಇದೆ. ಚಾರ್ಜ್ ಮಾಡುವಾಗ ಕಬ್ಬಿಣದ ಫಲಕದ ಬಳಿ ನೀರೂ ಒಡೆದು ಹೈಡ್ರೋಜನ್ ಹೊರಡುತ್ತದೆ. ತುಂಬಿದ ಶಕ್ತಿಯಲ್ಲಿ ಸುಮಾರು 65 ಶೇಕಡಾ ಮಾತ್ರ ಮರಳಿ ಸಿಗುತ್ತದೆ. ಅಂದರೆ ರಾತ್ರಿ 1 ಯೂನಿಟ್ ಬಳಸಲು ಹಗಲು ಒಂದೂವರೆ ಯೂನಿಟ್ ತುಂಬಬೇಕು. ಸುಮ್ಮನೆ ಇಟ್ಟರೂ ತಿಂಗಳಿಗೆ ಕಾಲುಭಾಗದಷ್ಟು ಸೋರಿಹೋಗುತ್ತದೆ.

ಮನೆಯ ಲೆಕ್ಕ ಮಾಡೋಣ. ಒಂದು ಕೋಶ ಕೊಡುವುದು 1.2 ವೋಲ್ಟ್; 12 ವೋಲ್ಟಿಗೆ 10 ಕೋಶ ಬೇಕು. ದಿನಕ್ಕೆ 30 ಆಂಪಿಯರ್-ಗಂಟೆ ನೀರನ್ನು ಒಡೆಯುವುದಕ್ಕೇ ವ್ಯಯವಾಯಿತು ಎನ್ನೋಣ. ಫ್ಯಾರಡೆ ನಿಯಮದಂತೆ 1 ಆಂಪಿಯರ್-ಗಂಟೆಗೆ ಒಂದು ಕೋಶದಲ್ಲಿ 0.336 ಗ್ರಾಂ ನೀರು ಒಡೆಯುತ್ತದೆ. ಹತ್ತು ಕೋಶಗಳಲ್ಲಿ ದಿನಕ್ಕೆ ಸುಮಾರು 100 ಗ್ರಾಂ. ಅಷ್ಟು ಬಟ್ಟಿ ಇಳಿಸಿದ ನೀರನ್ನು ಮತ್ತೆ ತುಂಬಬೇಕು. ಹೊರಬರುವ ಹೈಡ್ರೋಜನ್ ಸುಮಾರು 130 ಲೀಟರ್. ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕಪಾಟಿನಲ್ಲಿ ಇದನ್ನು ಇಡಲೇಬಾರದು. ಪೂರ್ತಿ ಚಾರ್ಜ್ ಆಗಲು 10 ಕೋಶಕ್ಕೆ 16 ವೋಲ್ಟಿಗೂ ಹೆಚ್ಚು ಬೇಕು. ಸೀಸದ ಬ್ಯಾಟರಿಗೆಂದು ಹೊಂದಿಸಿದ ಸಾಮಾನ್ಯ ಇನ್ವರ್ಟರ್ ಸುಮಾರು 14 ವೋಲ್ಟಿಗೇ ನಿಲ್ಲಿಸುವುದರಿಂದ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ.

ಹಾಗಾದರೆ ಇದು ಉಪಯೋಗವಿಲ್ಲವೇ? ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಈ ದೋಷವನ್ನೇ ಗುಣವಾಗಿಸುವ ದಾರಿ ತೋರಿದರು. ಬಿಸಿಲು ಹೆಚ್ಚಿದಾಗ ಮೊದಲು ಬ್ಯಾಟರಿ ತುಂಬಲಿ. ತುಂಬಿದ ಮೇಲೆ ಬರುವ ವಿದ್ಯುತ್ ನೀರನ್ನು ಒಡೆಯಲಿ. ಆ ಹೈಡ್ರೋಜನ್ನನ್ನು ಹಿಡಿದು ಇಂಧನವಾಗಿ, ಗೊಬ್ಬರದ ತಯಾರಿಕೆಗೆ ಬಳಸೋಣ ಎಂಬುದು ಅವರ ಯೋಚನೆ.

ಕಾರಿಗೆ ಇದು ಇಂದಿಗೂ ತೀರಾ ಭಾರ. ಮನೆಗೆ ನೀರು ತುಂಬುವ ತಾಪತ್ರಯ. ಆದರೆ ಅನಿಲವನ್ನು ಹಿಡಿದಿಡುವ ಏರ್ಪಾಡಿರುವ ದೊಡ್ಡ ಸೌರ ಘಟಕದಲ್ಲಿ ಮಾತ್ರ ಎಡಿಸನ್ನನ ಬ್ಯಾಟರಿ ತನ್ನ ಖರ್ಚನ್ನು ತಾನೇ ದುಡಿದೀತು.