ಅಜ್ಜಿಗೆ ಸುಸ್ವಾಗತ

ಧರಮಪೇಠದ ನಮ್ಮ ಮನೆಯಿಂದ ಪ್ರತಿ ಭಾನುವಾರ ಧಾರವಾಡಕ್ಕೆ ವಿಡಿಯೊ ಕಾಲ್ ಹೋಗುತ್ತದೆ. ಹೋದ ತಿಂಗಳು ಒಮ್ಮೆ ಫೋನು ಮೊದಲು ಮಗಳ ಕೈಗೆ ಸಿಕ್ಕಿತು. ಏಳು ವರ್ಷದವಳು ಬೆನ್ನು ನೆಟ್ಟಗೆ ಮಾಡಿಕೊಂಡು, "ನಮಸ್ಕಾರ ಅಜ್ಜಿ, ನಿಮಗೆ ಸುಸ್ವಾಗತ. ನಾನು ಊಟ ಮಾಡುತ್ತಿದ್ದೇನೆ" ಅಂದಳು. ಅವ್ವ ಒಂದು ಕ್ಷಣ ಸುಮ್ಮನಿದ್ದು, "ಎಲ್ಲಿಗೆ ಸ್ವಾಗತನವಾ? ನಾ ನಮ್ಮನ್ಯಾಗ ಕುಂತೀನಿ" ಅಂತ ನಕ್ಕಳು. ನಕ್ಕಳು ನಿಜ, ಆದರೆ ಆಮೇಲೆ ನನಗೆ ಕೇಳಿದಳು: "ಅಕಿ ನನಗ ನೀವು ಅಂತಾಳಲ್ಲೋ, ನಾ ಏನ್ ಹೊರಗಿನಾಕ್ಯಾ?"

ತಪ್ಪು ನಮ್ಮದೇ. ಟ್ರಾಫಿಕ್ ಪಾರ್ಕಿನಲ್ಲಿ ಅವಳ ಆಟವೆಲ್ಲ ಮರಾಠಿ, ಹಿಂದಿಯಲ್ಲಿ. ಕನ್ನಡವೂ ಕಿವಿಗೆ ಬೀಳಲಿ ಎಂದು ಸಂಜೆ ವಾರ್ತೆ ಹಾಕಿಟ್ಟು ನಾವಿಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂರುತ್ತೇವೆ. ಅವಳು ಕಲಿತದ್ದು ಅಲ್ಲಿಂದ: "ನಮಸ್ಕಾರ ವೀಕ್ಷಕರೇ, ನಿಮಗೆಲ್ಲರಿಗೂ ಸುಸ್ವಾಗತ. ಮೊದಲಿಗೆ ಮುಖ್ಯಾಂಶಗಳನ್ನು ನೋಡೋಣ."

ಈ ಸಾಲುಗಳನ್ನು ಮನೆಯ ಮಾತಿಗೆ ಇಳಿಸಲು ಕೂತೆ. 'ವೀಕ್ಷಕರೇ' ಅಲ್ಲೇ ಸಿಕ್ಕಿಹಾಕಿಕೊಂಡಿತು. ನಾವು ಯಾರನ್ನೂ ಹೀಗೆ ಕರೆಯುವುದಿಲ್ಲ. ಕಾಕಾ, ಅಕ್ಕಾ, ಏನ್ರೀ, ಅಷ್ಟೇ. 'ಸುಸ್ವಾಗತ' ಅನ್ನುವ ಪದವನ್ನೂ ಬಾಗಿಲಲ್ಲಿ ಯಾರೂ ಹೇಳುವುದಿಲ್ಲ. "ಬರ್ರಿ, ಕುಂದರ್ರಿ" ಅಂತ ನೀರು ಕೊಟ್ಟರೆ ಸ್ವಾಗತ ಆಯಿತು. 'ಮುಖ್ಯಾಂಶಗಳನ್ನು' ಎಂಬಲ್ಲಿನ 'ಅನ್ನು' ಮಾತಿನಲ್ಲಿ ಎಷ್ಟೋ ಸಲ ಉಳಿಯುವುದೇ ಇಲ್ಲ: "ಪೇಪರ್ ಓದಿದೆ" ಅನ್ನುತ್ತೇವೆ, "ಪೇಪರನ್ನು ಓದಿದೆ" ಅನ್ನುವುದು ಕಡಿಮೆ. ಇನ್ನು 'ಮಾಡುತ್ತಿದ್ದೇನೆ' ಬೆಂಗಳೂರಿನಲ್ಲಿ 'ಮಾಡ್ತಾ ಇದೀನಿ', ನಮ್ಮ ಕಡೆ 'ಮಾಡಾಕತ್ತೀನಿ'. ಬಾಯಿ ನಡುವಿನ, ಕೊನೆಯ ಸ್ವರಗಳನ್ನು ನುಂಗುತ್ತಾ ಹೋಗುತ್ತದೆ. ಬರಹ ಒಂದನ್ನೂ ಬಿಡುವುದಿಲ್ಲ. (ನಾನೂ ಈಗ ಬರೆಯುತ್ತಿರುವುದು ವಾರ್ತೆಯ ಕನ್ನಡದಲ್ಲೇ, ಗೊತ್ತು.)

ಕಾರಣ ಸರಳ. ನಿರೂಪಕಿ ಆ ಸಾಲುಗಳನ್ನು ಮಾತಾಡುತ್ತಿಲ್ಲ, ಓದುತ್ತಿದ್ದಾಳೆ. ಆಕಾಶವಾಣಿ ಇದನ್ನು ಮುಚ್ಚಿಡುತ್ತಿರಲಿಲ್ಲ. "ಓದುತ್ತಿರುವವರು" ಅಂತಲೇ ಹೆಸರು ಹೇಳುತ್ತಿತ್ತು. ಟಿವಿಯಲ್ಲಿ ಎದುರಿನ ಪರದೆ ನೋಡಿ ಓದುವುದರಿಂದ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಕಾಯಿರಿ, ವರದಿಗಾರರು ಲೈವ್ ಬಂದ ಕೂಡಲೇ "ಜನ ಸೇರ್ತಾ ಇರುವಂಥದ್ದು" ಶುರುವಾಗುತ್ತದೆ. ಅದು ಬರಹವೂ ಅಲ್ಲ, ಯಾರ ಮನೆಯ ಮಾತೂ ಅಲ್ಲ.

ಟಿವಿ ಬಂದ್ ಮಾಡಲಿಲ್ಲ. ಅವಳಿಗೆ ಮುಂದೆ ಕನ್ನಡ ಓದಲು ಅದೂ ಬೇಕು. ಬದಲಿಗೆ ಭಾನುವಾರ ನಾವು ಪಕ್ಕದಲ್ಲಿ ಕೂತು ಹೇಳಿಕೊಡುವುದನ್ನು ಬಿಟ್ಟೆವು. ಅಜ್ಜಿ-ಮೊಮ್ಮಗಳು ಏನಾದರೂ ಮಾತಾಡಿಕೊಳ್ಳಲಿ. ಮೊನ್ನೆ ಒಳಗಿನ ಕೋಣೆಯಿಂದ ಕೇಳಿಸಿತು: "ಅಜ್ಜಿ, ಏನ್ ಮಾಡಾಕತ್ತಿ?"

"ಅವಲಕ್ಕಿ ಹಚ್ಚಾಕತ್ತೀನಿ, ಬಾ."

ಅರ್ಧ ಗಂಟೆ ಹೀಗೇ ನಡೆಯಿತು. ಫೋನಿಡುವಾಗ ಮಾತ್ರ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: "ಮತ್ತೆ ಭೇಟಿಯಾಗೋಣ, ನಮಸ್ಕಾರ."